ತುದಿಯ ಲೋಡ್, ಮಧ್ಯದ ಡಿಫ್ಲೆಕ್ಷನ್: ಬೆಟ್ಟಿ ಥಿಯರಮ್ ಎಲ್ಲಿ ಕೈ ಕೊಟ್ಟಿತು?

ಪ್ರಶ್ನೆ: ಸರ್, ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಲ್ಯಾಬ್‌ನಲ್ಲಿ 40 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಸ್ಟೀಲ್ ಫ್ಲಾಟ್ ಒಂದನ್ನು ಬೀಮ್ ಮಾಡಿದ್ದಾರೆ. ಸಪೋರ್ಟ್‌ಗಳ ನಡುವೆ 1 ಮೀಟರ್, ಬಲಗಡೆ 300 ಮಿ.ಮೀ. ಓವರ್‌ಹ್ಯಾಂಗ್. ಎಡಗಡೆ ಬೀಮ್ ಎದ್ದು ಹೋಗದಿರಲಿ ಅಂತ ಮೇಲೊಂದು ಪಟ್ಟಿ ಹಾಕಿ ಬೋಲ್ಟ್ ಮಾಡಿದ್ದಾರೆ. ಮಧ್ಯದಲ್ಲಿ 2 ಕೆ.ಜಿ. ಇಟ್ಟರೆ ತುದಿ 0.55 ಮಿ.ಮೀ. ಮೇಲೆ ಬರುತ್ತದೆ, ತುದಿಯಲ್ಲಿ 2 ಕೆ.ಜಿ. ಇಟ್ಟರೆ ಮಧ್ಯವೂ ಅಷ್ಟೇ ಮೇಲೆ ಬರುತ್ತದೆ. ಆದರೆ 5 ಕೆ.ಜಿ.ಗೆ ಒಂದು 1.38, ಇನ್ನೊಂದು 1.83. ಬೆಟ್ಟಿ ಥಿಯರಮ್ ಏಕೆ ಹೊಂದಲಿಲ್ಲ? ಪೂರ್ತಿ ಉದ್ದಕ್ಕೆ ಹರಡಿದ ಲೋಡ್ ಇದ್ದರೆ ಇದನ್ನೇ ಬಳಸಿ ಮಧ್ಯದ ಡಿಫ್ಲೆಕ್ಷನ್ ಹೇಗೆ ತೆಗೆಯೋದು?

ಉತ್ತರ: ಮೊದಲು ಆ ಎಡಗಡೆಯ ಪಟ್ಟಿಯನ್ನು ನೋಡಿ. ಬೀಮ್‌ನ ಮೇಲ್ಮೈಗೂ ಪಟ್ಟಿಗೂ ನಡುವೆ ಸಂದು ಇರಬೇಕು, ಅದೂ ಹೆಚ್ಚುಕಡಿಮೆ 0.9 ಮಿ.ಮೀ. ಫೀಲರ್ ಗೇಜ್ ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಲ್ಯಾಬ್ ನೋಡದೆ ಈ ಸಂಖ್ಯೆ ಹೇಗೆ ಹೇಳಿದೆ ಅನ್ನಬಹುದು. ನಿಮ್ಮ 1.38 ಮತ್ತು 1.83ರಿಂದ ಅದೇ ಥಿಯರಮ್ ಬಳಸಿಯೇ ಅದು ಬಂತು. ಹೇಗೆ ಅನ್ನೋದಕ್ಕೆ ಥಿಯರಮ್ ಏನು ಹೇಳುತ್ತದೆ ಅನ್ನೋದರಿಂದ ಶುರು ಮಾಡಬೇಕು.

ಬೀಮ್‌ನ ಒಂದು ಜಾಗದಲ್ಲಿ P, ಇನ್ನೊಂದು ಜಾಗದಲ್ಲಿ W ಅನ್ನೋ ಲೋಡ್ ಇಡಬೇಕು ಅಂದುಕೊಳ್ಳಿ. ಮೊದಲು P ಇಟ್ಟು ಆಮೇಲೆ W ಇಡಬಹುದು. ಮೊದಲು W ಇಟ್ಟು ಆಮೇಲೆ P ಇಡಬಹುದು. ಕೊನೆಗೆ ಬೀಮ್ ಒಂದೇ ಆಕಾರದಲ್ಲಿ ನಿಲ್ಲುತ್ತದೆ, ಅದರಲ್ಲಿ ತುಂಬಿದ ಶಕ್ತಿಯೂ ಒಂದೇ. ಈಗ ಲೆಕ್ಕ ಹಾಕಿ. P ಒಂದೇ ಇರುವಾಗ ಅದು ಮಾಡಿದ ಕೆಲಸ, W ಒಂದೇ ಇರುವಾಗ ಅದು ಮಾಡಿದ ಕೆಲಸ, ಇವೆರಡೂ ಎರಡು ಕ್ರಮಗಳಲ್ಲೂ ಬರುತ್ತವೆ. ಮೊದಲ ಕ್ರಮದಲ್ಲಿ ಜಾಸ್ತಿ ಬರೋದು ಇಷ್ಟು: W ಇಡುವಾಗ P ಆಗಲೇ ಅಲ್ಲಿ ಪೂರ್ತಿ ಕೂತಿದೆ, W ಆ ಜಾಗವನ್ನು ಸರಿಸಿದಾಗ P ಕೂಡ ಕೆಲಸ ಮಾಡುತ್ತದೆ. ಎರಡನೇ ಕ್ರಮದಲ್ಲಿ ಇದು ತಿರುಗುಮುರುಗು. ಒಟ್ಟು ಶಕ್ತಿ ಒಂದೇ ಆದ್ದರಿಂದ ಈ ಎರಡು ತುಣುಕುಗಳು ಸಮ ಆಗಲೇಬೇಕು:

P × (W ಇಂದಾಗಿ P ಜಾಗದಲ್ಲಿ ಆದ ಸರಿತ) = W × (P ಇಂದಾಗಿ W ಜಾಗದಲ್ಲಿ ಆದ ಸರಿತ)

ಇಲ್ಲಿ ಅರ್ಧ (½) ಬರೋದಿಲ್ಲ ಅನ್ನೋದನ್ನು ಗಮನಿಸಿ. ಪರೀಕ್ಷೆಯಲ್ಲಿ ತುಂಬಾ ಜನ ಸುಮ್ನೆ ½ ಸೇರಿಸಿಬಿಡುತ್ತಾರೆ. ಲೋಡ್ ಸೊನ್ನೆಯಿಂದ ನಿಧಾನಕ್ಕೆ ಏರುತ್ತಿದ್ದಾಗ ಮಾತ್ರ ಅರ್ಧ ಬರುತ್ತದೆ. ಇಲ್ಲಿ ಲೋಡ್ ಮೊದಲೇ ಪೂರ್ತಿ ಇದೆ, ಜಾಗ ಮಾತ್ರ ಸರಿಯಿತು. ಎರಡೂ ಕಡೆ ಅರ್ಧ ಹಾಕಿದರೆ ಉತ್ತರ ಅದೇ ಬರುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳೋದಿಲ್ಲ. ಒಂದು ಕಡೆ ಮಾತ್ರ ಹಾಕಿದರೆ ಲೆಕ್ಕ ಕೆಟ್ಟಿತು.

ಒಂದೊಂದೇ ಲೋಡ್ ಇರುವ ಈ ರೂಪವನ್ನು ಮ್ಯಾಕ್ಸ್‌ವೆಲ್ 1864ರಲ್ಲಿ ಟ್ರಸ್‌ಗಳ ಸಂದರ್ಭದಲ್ಲಿ ಕೊಟ್ಟರು. 1872ರಲ್ಲಿ ಬೆಟ್ಟಿ ಅದನ್ನು ಲೋಡ್‌ಗಳ ಗುಂಪಿಗೆ ವಿಸ್ತರಿಸಿದರು. ಒಂದು ಗುಂಪಿನ ಎಲ್ಲಾ ಬಲಗಳು ಇನ್ನೊಂದು ಗುಂಪಿನ ಸರಿತಗಳ ಮೇಲೆ ಮಾಡುವ ಕೆಲಸವೂ, ಎರಡನೆಯದು ಮೊದಲನೆಯದರ ಸರಿತಗಳ ಮೇಲೆ ಮಾಡುವ ಕೆಲಸವೂ ಸಮ. ‘ಎಲ್ಲಾ ಬಲಗಳು’ ಅನ್ನೋ ಮಾತು ನೆನಪಿಡಿ. ನಿಮ್ಮ 5 ಕೆ.ಜಿ.ಯ ಗಂಟು ಇರೋದು ಅಲ್ಲೇ.

ಈಗ ನಿಮ್ಮ ಬೀಮ್. ತುದಿಯಲ್ಲಿ ಲೋಡ್ ಇಟ್ಟು ಮಧ್ಯದ ಡಿಫ್ಲೆಕ್ಷನ್ ನೇರವಾಗಿ ತೆಗೆಯೋಕೆ ಹೋದರೆ ಸ್ವಲ್ಪ ಉದ್ದದ ದಾರಿ. ಮೊಮೆಂಟ್ ಬರೆದು ಎರಡು ಸಲ ಇಂಟಿಗ್ರೇಟ್ ಮಾಡಬೇಕು, ಸ್ಥಿರಾಂಕಗಳನ್ನು ಹೊಂದಿಸಬೇಕು. ಉಲ್ಟಾ ದಾರಿ ತುಂಬಾ ಸಲೀಸು. ಲೋಡ್ ಅನ್ನು ಮಧ್ಯದಲ್ಲಿ ಇಡಿ. ಆಗ ಓವರ್‌ಹ್ಯಾಂಗ್ ಮೇಲೆ ಯಾವ ಲೋಡೂ ಇಲ್ಲ, ಅಲ್ಲಿ ಬೆಂಡಿಂಗ್ ಮೊಮೆಂಟ್ ಇಲ್ಲ. ಆದ್ದರಿಂದ ಆ 300 ಮಿ.ಮೀ. ಬಾಗದೆ ನೇರವಾಗೇ ಇರುತ್ತದೆ, ಬಲ ಸಪೋರ್ಟ್‌ನಲ್ಲಿ ಬೀಮ್ ಎಷ್ಟು ತಿರುಗಿತೋ ಅಷ್ಟು ತಾನೂ ತಿರುಗುತ್ತದೆ. ಮಧ್ಯದಲ್ಲಿ ಲೋಡ್ ಇದ್ದಾಗ ಸಪೋರ್ಟ್‌ನ ಸ್ಲೋಪ್ ಎಲ್ಲರಿಗೂ ಬಾಯಿಪಾಠ:

θ = PL² / 16EI

ತುದಿ ಮೇಲೆ ಬರೋದು ಇದರ a ಪಟ್ಟು, a ಅಂದರೆ ಓವರ್‌ಹ್ಯಾಂಗ್ ಉದ್ದ:

ತುದಿಯ ಏರಿಕೆ = P L² a / 16EI

ಥಿಯರಮ್‌ಗೆ ಹಾಕಿದರೆ P ಎರಡೂ ಕಡೆ ಹೊಡೆದು ಹೋಗುತ್ತದೆ, ತುದಿಯಲ್ಲಿ W ಇದ್ದಾಗ ಮಧ್ಯದ ಏರಿಕೆ W L² a / 16EI ಅಂತ ಬರುತ್ತದೆ. ಇಂಟಿಗ್ರೇಷನ್ ಒಂದು ಸಾಲೂ ಬೇಕಾಗಲಿಲ್ಲ. ಈ ಥಿಯರಮ್‌ನ ನಿಜವಾದ ಉಪಯೋಗ ಇದೇ ಅಂತ ನನ್ನ ಅನಿಸಿಕೆ. ಎರಡು ಲೆಕ್ಕಗಳಲ್ಲಿ ಯಾವುದು ಸುಲಭವೋ ಅದನ್ನು ಮಾಡಿ, ಕಷ್ಟದ್ದರ ಉತ್ತರ ಬರೆದುಕೊಳ್ಳಬಹುದು.

ಚಿಹ್ನೆಯ ಬಗ್ಗೆ ಒಂದು ಮಾತು. ಮಧ್ಯದ ಲೋಡ್ ಕೆಳಗೆ ಒತ್ತುತ್ತದೆ, ತುದಿಯ ಲೋಡ್‌ನಿಂದ ಮಧ್ಯ ಮೇಲೆ ಹೋಗುತ್ತದೆ. ಹಾಗಾಗಿ ಆ ಕೆಲಸ ಮೈನಸ್. ಇನ್ನೊಂದು ಬದಿಯಲ್ಲೂ ಹಾಗೆಯೇ, ಅದೂ ಮೈನಸ್. ಎರಡೂ ಮೈನಸ್ ಆದ್ದರಿಂದ ಸಮ. ಪ್ರತಿ ಬಲಕ್ಕೂ ‘ಸರಿತ ನನ್ನ ದಿಕ್ಕಿನಲ್ಲಿದೆಯಾ, ಎದುರು ದಿಕ್ಕಿನಲ್ಲಿದೆಯಾ’ ಅಂತ ಕೇಳಿ ಪ್ಲಸ್, ಮೈನಸ್ ಹಾಕಿದರೆ ಎಂದೂ ತಪ್ಪೋದಿಲ್ಲ.

ನಿಮ್ಮ ಸಂಖ್ಯೆಗಳನ್ನು ಹಾಕೋಣ. ಫ್ಲಾಟ್ ಅನ್ನು ಮಲಗಿಸಿ ಇಟ್ಟಿದ್ದಾರೆ ಅಂದುಕೊಂಡರೆ

I = 40 × 10³ / 12 = 3333 mm⁴

ಸ್ಟೀಲ್‌ಗೆ E ಎರಡು ಲಕ್ಷ N/mm². EI ಸುಮಾರು 6.67 × 10⁸ N·mm². ಪ್ರತಿ ನ್ಯೂಟನ್‌ಗೆ ಏರಿಕೆ L²a/16EI, ಅಂದರೆ 0.0281 ಮಿ.ಮೀ. 2 ಕೆ.ಜಿ. ಅಂದರೆ 19.6 ನ್ಯೂಟನ್, ಏರಿಕೆ 0.55. ನಿಮ್ಮ ಡಯಲ್ ಗೇಜ್ ತೋರಿಸಿದ್ದೂ ಅದೇ. 5 ಕೆ.ಜಿ.ಗೆ 1.38 ಬರಬೇಕು. ಮಧ್ಯದಲ್ಲಿ ಲೋಡ್ ಇಟ್ಟಾಗ ಅದೇ ಬಂದಿದೆ. ಅಂದರೆ ಆ ಅಳತೆ ಸರಿ, ತುದಿಯಲ್ಲಿ ಲೋಡ್ ಇಟ್ಟಾಗಿನ 1.83 ಮಾತ್ರ ಅನುಮಾನದ್ದು.

ನಿಮ್ಮ ಫ್ಲಾಟ್ ಸೂತ್ರಕ್ಕೆ ಇಷ್ಟು ಚೆನ್ನಾಗಿ ಹೊಂದಿದೆ, ಎಲ್ಲಾ ಫ್ಲಾಟ್‌ಗಳೂ ಹೀಗಿರೋದಿಲ್ಲ. ದಪ್ಪ 10ರ ಬದಲು 9.8 ಇದ್ದರೆ I ಸುಮಾರು 6% ಕಡಿಮೆ ಆಗುತ್ತದೆ, ಏಕೆಂದರೆ ದಪ್ಪ ಅಲ್ಲಿ ಘನದಲ್ಲಿ ಬರುತ್ತದೆ. ಆಗ ಸೂತ್ರದ ಉತ್ತರಕ್ಕೂ ಗೇಜ್‌ಗೂ ವ್ಯತ್ಯಾಸ ಬರುತ್ತದೆ. ಆದರೂ ಎರಡು ಅಳತೆಗಳು ಪರಸ್ಪರ ಹೊಂದಲೇಬೇಕು. ಥಿಯರಮ್‌ಗೆ EI ಎಷ್ಟು ಅಂತ ಗೊತ್ತಿರಬೇಕಾಗಿಲ್ಲ, ಬೀಮ್ ಉದ್ದಕ್ಕೂ ದಪ್ಪ ಒಂದೇ ಇರಬೇಕು ಅಂತಲೂ ಇಲ್ಲ. ಅದಕ್ಕೇ ಲ್ಯಾಬ್‌ನಲ್ಲಿ ಥಿಯರಮ್ ಪರೀಕ್ಷಿಸುವಾಗ ಗೇಜ್‌ನ ಒಂದು ಅಳತೆಯನ್ನು ಗೇಜ್‌ನ ಇನ್ನೊಂದು ಅಳತೆಯ ಜೊತೆಗೇ ಹೋಲಿಸಬೇಕು.

ಹಾಗಾದರೆ 5 ಕೆ.ಜಿ. ಏನು ಮಾಡಿತು? ಸ್ಟೀಲ್ ಯೀಲ್ಡ್ ಆಗಿರಬಹುದಾ ಅಂತ ಮೊದಲ ಅನುಮಾನ ಬರುತ್ತದೆ. ಬಲ ಸಪೋರ್ಟ್ ಮೇಲಿನ ಮೊಮೆಂಟ್ 49 × 300, ಅಂದರೆ 14,700 N·mm. ಅದನ್ನು ಸೆಕ್ಷನ್ ಮಾಡ್ಯುಲಸ್ 667 mm³ ಇಂದ ಭಾಗಿಸಿದರೆ ಸ್ಟ್ರೆಸ್ ಬರೀ 22 N/mm². ಮೈಲ್ಡ್ ಸ್ಟೀಲ್ ಯೀಲ್ಡ್ ಆಗೋದು 250ರ ಆಸುಪಾಸಿನಲ್ಲಿ. ಈ ಅನುಮಾನ ಬಿಟ್ಟುಬಿಡಿ.

ಈಗ ಎಡ ಸಪೋರ್ಟ್‌ನ ರಿಯಾಕ್ಷನ್ ನೋಡಿ. ಬೀಮ್‌ನ ತೂಕ ಮೀಟರ್‌ಗೆ 3.14 ಕೆ.ಜಿ., ಅಂದರೆ 30.8 ನ್ಯೂಟನ್. ಬಲ ಸಪೋರ್ಟ್ ಸುತ್ತ ಮೊಮೆಂಟ್ ತೆಗೆದರೆ, ಬರೀ ಸ್ವಂತ ತೂಕದಿಂದ ಎಡಗಡೆ 14 ನ್ಯೂಟನ್ ರಿಯಾಕ್ಷನ್ ಬರುತ್ತದೆ. ತುದಿಯಲ್ಲಿ W ಇಟ್ಟರೆ ಅದು ಎಡ ತುದಿಯನ್ನು 0.3W ಅಷ್ಟು ಮೇಲೆತ್ತುತ್ತದೆ. 2 ಕೆ.ಜಿ.ಗೆ ಅದು 5.9 ನ್ಯೂಟನ್, ಬೀಮ್ ರೋಲರ್ ಮೇಲೆ ಗಟ್ಟಿಯಾಗೇ ಕೂತಿರುತ್ತದೆ. 4 ಕೆ.ಜಿ.ಗೆ 11.8, ಇನ್ನೂ 2 ನ್ಯೂಟನ್ ಚಿಲ್ಲರೆ ಉಳಿದಿದೆ. 5 ಕೆ.ಜಿ.ಗೆ 14.7. ಬೀಮ್ ರೋಲರ್ ಬಿಟ್ಟು ಮೇಲೆದ್ದಿತು, ಪಟ್ಟಿಗೆ ತಾಗಿ ನಿಂತಿತು. ಪಟ್ಟಿ ಇರದಿದ್ದರೆ ಉರುಳಿ ಬೀಳುತ್ತಿತ್ತು, ಆಗ ನಿಮಗೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಪಟ್ಟಿ ಹಿಡಿದುಕೊಂಡಿದ್ದರಿಂದ ಮೇಲ್ನೋಟಕ್ಕೆ ಎಲ್ಲಾ ಸರಿ ಇದೆ ಅನಿಸಿತು.

ಇಲ್ಲಿ ಬೆಟ್ಟಿಯ ‘ಎಲ್ಲಾ ಬಲಗಳು’ ಕೆಲಸಕ್ಕೆ ಬರುತ್ತವೆ. ಸಪೋರ್ಟ್‌ಗಳು ಅಲುಗದಿದ್ದರೆ ರಿಯಾಕ್ಷನ್‌ಗಳು ಕೆಲಸ ಮಾಡೋದಿಲ್ಲ, ಅದಕ್ಕೇ ನಾವು ಅವನ್ನು ಬರೆಯೋದೇ ಇಲ್ಲ. ಈಗ ಎಡ ತುದಿ g ಅಷ್ಟು ಮೇಲೆದ್ದಿದೆ. ಮೊದಲ ಗುಂಪು ಅಂದರೆ ಮಧ್ಯದ ಲೋಡ್ P, ಅದರ ಎಡ ರಿಯಾಕ್ಷನ್ P/2 ಮೇಲ್ಮುಖ. ಈ ಬಲಗಳನ್ನು ಎರಡನೇ ಗುಂಪಿನ ಸರಿತಗಳ ಮೇಲೆ ನಡೆಸಿ. ಮಧ್ಯ y ಅಷ್ಟು ಮೇಲೆ ಹೋಗಿದೆ, P ಕೆಳಗೆ ಒತ್ತುತ್ತದೆ, ಕೆಲಸ −P·y. ಎಡ ತುದಿ g ಮೇಲೆ, ರಿಯಾಕ್ಷನ್ನೂ ಮೇಲೆ, ಕೆಲಸ +P·g/2. ಇನ್ನೊಂದು ಬದಿಯಲ್ಲಿ ಎರಡನೇ ಗುಂಪಿನ W, ಮೊದಲ ಗುಂಪಿನಿಂದ ತುದಿ ಏರಿದ್ದು t, ಕೆಲಸ −W·t. ಮೊದಲ ಗುಂಪಿನಲ್ಲಿ ಸಪೋರ್ಟ್‌ಗಳು ಅಲುಗಿಲ್ಲ, ಹಾಗಾಗಿ ಅಲ್ಲಿ ಬೇರೇನೂ ಇಲ್ಲ. ಎರಡನ್ನೂ ಸಮ ಮಾಡಿದರೆ:

y = (W/P) t + g/2

W, P ಎರಡೂ 5 ಕೆ.ಜಿ. ಹಾಗಾಗಿ 1.83 = 1.38 + g/2, g = 0.9 ಮಿ.ಮೀ. ನಾನು ಮೊದಲೇ ಹೇಳಿದ ಸಂದು ಇದೇ. ಥಿಯರಮ್ ಸೋತಿಲ್ಲ, ಕೆಲಸ ಮಾಡಿದ ಒಂದು ಬಲವನ್ನು ನಾವು ಲೆಕ್ಕಕ್ಕೆ ಸೇರಿಸಿರಲಿಲ್ಲ, ಅಷ್ಟೇ. ಬೀಮ್ ಬಾಗಿದ್ದು 1.38 ಮಾತ್ರ. ಉಳಿದ 0.45 ಬಲ ಸಪೋರ್ಟ್ ಸುತ್ತ ಇಡೀ ಬೀಮ್ ಬಾಗದೆ ತಿರುಗಿದ್ದರಿಂದ ಬಂತು. ಎಡ ತುದಿ 0.9 ಎದ್ದರೆ ಅರ್ಧ ದೂರದಲ್ಲಿ 0.45 ಏಳುತ್ತದೆ, ಅಲ್ವಾ?

ಇದನ್ನು ಖಚಿತ ಮಾಡಿಕೊಳ್ಳೋಕೆ ಎಡ ರೋಲರ್ ಮತ್ತು ಬೀಮ್ ನಡುವೆ ಒಂದು ಕಾಗದದ ಚೂರು ಇಡಿ. ತುದಿಯಲ್ಲಿ 2 ಕೆ.ಜಿ. ಇದ್ದಾಗ ಎಳೆದರೆ ಕಾಗದ ಹಿಡಿತ ತೋರಿಸುತ್ತದೆ. 4 ಕೆ.ಜಿ.ಗೆ ಹಿಡಿತ ಸಡಿಲ. 5 ಕೆ.ಜಿ.ಗೆ ಹಾಗೇ ಜಾರಿ ಕೈಗೆ ಬರುತ್ತದೆ. ಗೇಜ್ ಅಳತೆಯಲ್ಲೂ ಇದು ಕಾಣುತ್ತದೆ. ಒಂದೊಂದೇ ಕೆ.ಜಿ. ಏರಿಸುತ್ತಾ ಹೋಗಿ. ಪ್ರತಿ ಕೆ.ಜಿ.ಗೂ ಸುಮಾರು 0.28 ಏರಬೇಕು. ನಾಲ್ಕರವರೆಗೆ ಹಾಗೇ ಏರಿ, ಐದನೆಯದಕ್ಕೆ ಒಮ್ಮೆಲೇ 0.73 ಜಿಗಿಯುತ್ತದೆ. ಗ್ರಾಫ್‌ನಲ್ಲಿ ನೇರ ಗೆರೆ ಹೀಗೆ ಮುರಿದರೆ ಯಾವುದೋ ಸಪೋರ್ಟ್ ಕೈಬಿಟ್ಟಿದೆ ಅಂತಲೇ ಅರ್ಥ. ಒಂದೇ ಒಂದು ಲೋಡ್‌ಗೆ ಅಳೆದು ಬಿಟ್ಟರೆ ಈ ಮುರಿತ ಕಾಣೋದೇ ಇಲ್ಲ. ಹ್ಯಾಂಗರ್‌ನ ತೂಕವನ್ನೂ ಲೋಡ್‌ಗೆ ಸೇರಿಸಿ, ಅದನ್ನು ಮರೆತರೆ ಗೆರೆ ಸೊನ್ನೆಯಿಂದ ಶುರುವಾಗೋದಿಲ್ಲ.

ಸರಿಪಡಿಸೋದು ಸುಲಭ. ಪಟ್ಟಿಯನ್ನು ಬಿಗಿ ಮಾಡೋಕೆ ಹೋಗಬೇಡಿ. ಬಿಗಿ ಮಾಡಿದರೆ ಬೀಮ್ ಅಲ್ಲಿ ತಿರುಗೋಕೆ ಆಗೋದಿಲ್ಲ, ಅದು ಅರೆಬರೆ ಫಿಕ್ಸೆಡ್ ಸಪೋರ್ಟ್ ಆಗುತ್ತದೆ. ಎರಡೂ ಅಳತೆ ಆಗಲೂ ಹೊಂದಬಹುದು, ಆದರೆ PL²/16EI ಸೂತ್ರ ಹೊಂದೋದಿಲ್ಲ. ಅದರ ಬದಲು ಎಡ ರೋಲರ್‌ನ ನೇರ ಮೇಲೆ, ಬೀಮ್ ಮೇಲೆ, ಒಂದು 2 ಕೆ.ಜಿ. ಬಟ್ಟು ಇಡಿ. ಅದು ನೇರವಾಗಿ ಸಪೋರ್ಟ್‌ಗೇ ಇಳಿಯುತ್ತದೆ, ಬೀಮ್ ಬಾಗೋದಿಲ್ಲ. ಆದರೆ ರಿಯಾಕ್ಷನ್ 14ರಿಂದ ಸುಮಾರು 33.6 ನ್ಯೂಟನ್‌ಗೆ ಏರುತ್ತದೆ. ಆಮೇಲೆ ತುದಿಯಲ್ಲಿ 11 ಕೆ.ಜಿ.ವರೆಗೆ ಇಟ್ಟರೂ ಬೀಮ್ ಏಳೋದಿಲ್ಲ. ಎರಡೂ ಪ್ರಯೋಗದಲ್ಲಿ ಆ ಬಟ್ಟನ್ನು ಹಾಗೇ ಬಿಡಿ. ಇನ್ನೊಂದು, ಎರಡೂ ಕಡೆ ಬೀಮ್ ಮೇಲಕ್ಕೆ ಹೋಗುತ್ತದೆ. ಗೇಜ್ ಬೀಮ್‌ನ ಕೆಳಗಿದ್ದರೆ ಅದರ ಕಡ್ಡಿಯನ್ನು ಮೊದಲೇ ಎರಡು ಮೂರು ಮಿ.ಮೀ. ಒಳಗೆ ಒತ್ತಿ, ಆಮೇಲೆ ಮುಖವನ್ನು ಸೊನ್ನೆಗೆ ತಿರುಗಿಸಿ. ಇಲ್ಲದಿದ್ದರೆ ಬೀಮ್ ಕಡ್ಡಿಯನ್ನು ಬಿಟ್ಟು ಮೇಲೆ ಹೋಗುತ್ತದೆ, ಮುಳ್ಳು ಮಾತ್ರ ಅಲ್ಲೇ ನಿಲ್ಲುತ್ತದೆ.

ಈಗ ಹರಡಿದ ಲೋಡ್. ಇಲ್ಲಿಯೂ ಉಪಾಯ ಅದೇ. ನಿಮಗೆ ಬೇಕಿರೋದು ಮಧ್ಯದ ಡಿಫ್ಲೆಕ್ಷನ್. ಹಾಗಾಗಿ ಮೊದಲ ಗುಂಪಿನಲ್ಲಿ ಮಧ್ಯಕ್ಕೆ 1 ನ್ಯೂಟನ್ ಇಡಿ, ಆಗ ಬೀಮ್ ಬಾಗಿದ ಇಡೀ ಗೆರೆಯನ್ನು ಬರೆದುಕೊಳ್ಳಿ. ಎರಡನೇ ಗುಂಪು ನಿಜವಾದ ಲೋಡ್. ಪ್ರತಿ ಚಿಕ್ಕ ತುಣುಕು ಲೋಡ್ ಅನ್ನು ಅದರ ಕೆಳಗಿನ ಗೆರೆಯ ಎತ್ತರದಿಂದ ಗುಣಿಸಿ ಕೂಡಿಸಿದರೆ ಮಧ್ಯದ ಡಿಫ್ಲೆಕ್ಷನ್ ಸಿಕ್ಕಿತು. w ಎಲ್ಲಾ ಕಡೆ ಒಂದೇ ಇದ್ದರೆ, w ಇಂಟು ಆ ಗೆರೆಯ ಕೆಳಗಿನ ವಿಸ್ತೀರ್ಣ, ಅಷ್ಟೇ.

ಸಪೋರ್ಟ್‌ಗಳ ನಡುವೆ, ಎಡ ಅರ್ಧದಲ್ಲಿ, ಆ ಗೆರೆ ಹೀಗಿರುತ್ತದೆ:

x (3L² − 4x²) / 48EI

ಬಲ ಅರ್ಧ ಇದರ ಪ್ರತಿಬಿಂಬ. ಸೊನ್ನೆಯಿಂದ L/2 ವರೆಗೆ ಇಂಟಿಗ್ರೇಟ್ ಮಾಡಿ, ಎರಡರಿಂದ ಗುಣಿಸಿ. ಆವರಣದ ಒಳಗೆ 3L⁴/8 − L⁴/16, ಅಂದರೆ 5L⁴/16 ಉಳಿಯುತ್ತದೆ. ಒಟ್ಟು ವಿಸ್ತೀರ್ಣ

5L⁴ / 384EI

w ಇಂದ ಗುಣಿಸಿದರೆ ನೀವು ಎಷ್ಟೋ ಸಲ ಬಾಯಿಪಾಠ ಮಾಡಿದ 5wL⁴/384EI. ಆ 5 ಮತ್ತು 384 ಎಲ್ಲಿಂದ ಬಂದವು ಅನ್ನೋದು ಇಷ್ಟು ಬೇಗ ಕಾಣುವ ದಾರಿ ಇನ್ನೊಂದಿಲ್ಲ ಅನಿಸುತ್ತದೆ ನನಗೆ.

ಓವರ್‌ಹ್ಯಾಂಗ್‌ನಲ್ಲಿ ಗೆರೆ ನೇರ, ಮೇಲಕ್ಕೆ ಹೋಗುತ್ತದೆ, ತುದಿಯಲ್ಲಿ ಎತ್ತರ L²a/16EI. ತ್ರಿಕೋನದ ವಿಸ್ತೀರ್ಣ ಅದರ ಅರ್ಧ ಇಂಟು a, ಅಂದರೆ a²L²/32EI. ಇದು ಮೇಲಿನ ಕಡೆ ಇರೋದರಿಂದ ಕಳೆಯಬೇಕು. ಪೂರ್ತಿ ಉದ್ದಕ್ಕೆ w ಇದ್ದರೆ ಮಧ್ಯ ಕೆಳಗೆ ಬರೋದು:

5wL⁴/384EI − w a²L²/32EI

ಬೀಮ್‌ನ ಅರ್ಧಕ್ಕೆ ಮಾತ್ರ ಲೋಡ್ ಇದ್ದರೆ ಅರ್ಧದ ವಿಸ್ತೀರ್ಣ ಮಾತ್ರ ತೆಗೆದುಕೊಳ್ಳಿ. ಲೋಡ್ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇದ್ದರೂ ಗೆರೆ ಬದಲಾಗೋದಿಲ್ಲ, ಗುಣಿಸಿ ಕೂಡಿಸೋದಷ್ಟೇ ಬೇರೆ. ಮಧ್ಯದ ಬದಲು ಬೇರೆ ಜಾಗದ ಡಿಫ್ಲೆಕ್ಷನ್ ಬೇಕಾದರೆ ಮಾತ್ರ 1 ನ್ಯೂಟನ್ ಅನ್ನು ಆ ಜಾಗಕ್ಕೆ ಸರಿಸಿ ಹೊಸ ಗೆರೆ ಬರೆಯಬೇಕು. ಡಿಫ್ಲೆಕ್ಷನ್ ಬದಲು ಒಂದು ಜಾಗದ ಸ್ಲೋಪ್ ಬೇಕಾದರೆ ಅಲ್ಲಿ 1 ನ್ಯೂಟನ್ ಬದಲು 1 N·mm ಮೊಮೆಂಟ್ ಇಡಿ. ಮೊಮೆಂಟ್ ಕೆಲಸ ಮಾಡೋದು ತಿರುಗಿದ ಕೋನದ ಮೇಲೆ, ಆದ್ದರಿಂದ ಲೆಕ್ಕ ಹಾಗೇ ನಡೆಯುತ್ತದೆ.

ನಿಮ್ಮ ಫ್ಲಾಟ್‌ನ ಸ್ವಂತ ತೂಕವನ್ನೇ w ಆಗಿ ಹಾಕಿ ನೋಡಿ. w = 0.0308 N/mm. ಮೊದಲ ಭಾಗ 0.60 ಮಿ.ಮೀ., ಎರಡನೆಯದು 0.13. ಅಂದರೆ ನೀವು ಒಂದು ಬಟ್ಟನ್ನೂ ಇಡುವ ಮೊದಲೇ ಮಧ್ಯ 0.47 ಮಿ.ಮೀ. ಇಳಿದಿದೆ. ನೀವು ಗೇಜ್ ಸೊನ್ನೆ ಮಾಡಿದ್ದು ಆಮೇಲೆ, ಹಾಗಾಗಿ ನಿಮ್ಮ ಅಳತೆಗಳಲ್ಲಿ ಅದು ಎಲ್ಲೂ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ರೆಕಾರ್ಡ್ ಪುಸ್ತಕದಲ್ಲಿ ‘ಒಟ್ಟು ಡಿಫ್ಲೆಕ್ಷನ್’ ಅಂತ ಬರೆಯುವುದಾದರೆ ಈ 0.47 ಸೇರಿಸಿ. ತುದಿಯಲ್ಲಿ 2 ಕೆ.ಜಿ. ಇಟ್ಟಾಗ ಮಧ್ಯ 0.55 ಮೇಲೆ ಬಂತು ಅಂತ ಗೇಜ್ ಹೇಳುತ್ತದೆ, ಸಪೋರ್ಟ್‌ಗಳನ್ನು ಸೇರಿಸುವ ನೇರ ಗೆರೆಗಿಂತ ಅದು ನಿಜವಾಗಿ ಮೇಲಿರೋದು 0.08 ಮಿ.ಮೀ. ಮಾತ್ರ.